ಕ್ರಿಯೇಟಿನ್ ಸ್ಟೆರಾಯ್ಡ್ ಹೌದೋ ಅಲ್ಲವೋ? ಡಬ್ಬ ನೋಡಿ ತಿಳಿಯುವ ಬಗೆ

ಕ್ರಿಯೇಟಿನ್ ಸ್ಟೆರಾಯ್ಡ್ ಅಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ವರ್ಷವರ್ಷ ಹೊರಡಿಸುವ ನಿಷೇಧಿತ ವಸ್ತುಗಳ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಆದರೂ ಜಿಮ್‌ಗೆ ಹೋಗುವ ಮಗನ ಕೋಣೆಯಲ್ಲಿ ಬಿಳಿ ಪುಡಿಯ ಡಬ್ಬ ಕಂಡ ಮನೆಯವರಿಗೆ ಮೊದಲು ಬರುವ ಅನುಮಾನ ಸ್ಟೆರಾಯ್ಡ್‌ನದೇ. ಈ ಅನುಮಾನಕ್ಕೆ ಬುಡವೇ ಇಲ್ಲ ಎನ್ನುವಂತಿಲ್ಲ. ಕ್ರಿಯೇಟಿನ್ ಮಾರುವ ಕೆಲವು ಅಂಗಡಿಗಳಲ್ಲಿ ಕೌಂಟರಿನ ಕೆಳಗಿನಿಂದ ಬೇರೆ ಸರಕೂ ಹೊರಬರುತ್ತದೆ. ಕ್ರಿಯೇಟಿನ್ ಶುರುಮಾಡಿದ ವಾರದಲ್ಲೇ ತೂಕ ಏರುವುದೂ ನಿಜ. ಹಾಗಾಗಿ ಸ್ಟೆರಾಯ್ಡ್ ಅಲ್ಲ ಎಂದಷ್ಟೇ ಹೇಳಿದರೆ ಸಾಲದು. ಎರಡೂ ದೇಹದಲ್ಲಿ ಎಲ್ಲಿ, ಹೇಗೆ ಕೆಲಸ ಮಾಡುತ್ತವೆ ಎಂಬುದು ಗೊತ್ತಾದರೆ ಮುಂದೆ ಡಬ್ಬದ ಮೇಲಿನ ಅಕ್ಷರಗಳನ್ನು ಓದುವುದೂ ಸುಲಭವಾಗುತ್ತದೆ.

ಸ್ನಾಯುವಿನಲ್ಲಿ ಮೊದಲೇ ಇರುವ ವಸ್ತು

ಕ್ರಿಯೇಟಿನ್ ಅನ್ನು 1832ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರೊಲ್ ಮಾಂಸದಿಂದ ಬೇರ್ಪಡಿಸಿದ. ಮನುಷ್ಯನ ದೇಹವೂ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆರ್ಜಿನಿನ್, ಗ್ಲೈಸಿನ್, ಮಿಥಿಯೊನಿನ್ ಎಂಬ ಮೂರು ಅಮೈನೋ ಆಮ್ಲಗಳು ಇದರ ಕಚ್ಚಾ ಸಾಮಗ್ರಿ. ಕೆಲಸದ ಮೊದಲ ಹಂತ ಮುಖ್ಯವಾಗಿ ಮೂತ್ರಪಿಂಡದಲ್ಲಿ, ಎರಡನೆಯದು ಪಿತ್ತಜನಕಾಂಗದಲ್ಲಿ ನಡೆಯುತ್ತದೆ. ಹೀಗೆ ತಯಾರಾದದ್ದು ರಕ್ತದ ಮೂಲಕ ಸಾಗಿ ಸ್ನಾಯು ಸೇರುತ್ತದೆ. ದೇಹದ ಒಟ್ಟು ಕ್ರಿಯೇಟಿನ್‌ನಲ್ಲಿ ನೂರಕ್ಕೆ ಸುಮಾರು 95 ಪಾಲು ಇರುವುದು ಸ್ನಾಯುಗಳಲ್ಲಿ. 70 ಕೆ.ಜಿ. ತೂಕದ ವಯಸ್ಕನಲ್ಲಿ ಒಟ್ಟು ಸುಮಾರು 120 ಗ್ರಾಂ ಇರುತ್ತದೆ. ಅದರಲ್ಲಿ ಒಂದೆರಡು ಗ್ರಾಂ ದಿನವೂ ಸವೆದು ಕ್ರಿಯೇಟಿನಿನ್ ಆಗಿ ಮೂತ್ರದಲ್ಲಿ ಹೋಗುತ್ತದೆ. ಹೋದಷ್ಟನ್ನು ದೇಹ ಮತ್ತು ಊಟ ಸೇರಿ ತುಂಬಿಕೊಡುತ್ತವೆ.

ಊಟದಿಂದ ಬರುವ ಪಾಲು ಮಾಂಸ, ಮೀನು ತಿನ್ನುವವರಿಗೆ ಮಾತ್ರ ಲೆಕ್ಕಕ್ಕೆ ಸಿಗುವಷ್ಟಿರುತ್ತದೆ. ಒಂದು ಕಿಲೋ ಹಸಿ ಮಾಂಸದಲ್ಲಿ ಹೆಚ್ಚುಕಡಿಮೆ ನಾಲ್ಕೈದು ಗ್ರಾಂ ಕ್ರಿಯೇಟಿನ್ ಇದ್ದರೆ, ಹಾಲಿನಲ್ಲಿ ಇರುವುದು ತೀರಾ ಅತ್ಯಲ್ಪ; ಕಾಳು, ಸೊಪ್ಪು, ತರಕಾರಿಗಳಲ್ಲಂತೂ ಹೆಸರಿಗೂ ಇಲ್ಲ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ದಾಸ್ತಾನು ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಡಬ್ಬದಲ್ಲಿ ಬರುವ ಕ್ರಿಯೇಟಿನ್ ಮೊನೊಹೈಡ್ರೇಟ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆದರೆ ಅದರಲ್ಲಿರುವ ಕ್ರಿಯೇಟಿನ್‌ಗೂ ಮೀನಿನ ತುಂಡಿನಲ್ಲಿರುವ ಕ್ರಿಯೇಟಿನ್‌ಗೂ ರಚನೆಯಲ್ಲಿ ಏನೂ ವ್ಯತ್ಯಾಸವಿಲ್ಲ.

ಸ್ನಾಯು ಸಂಕುಚಿಸಲು ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಸಿಗುತ್ತದೆ. ಭಾರವಾದ ಬಾರ್‌ಬೆಲ್ ಎತ್ತುವಾಗ ಅಥವಾ ಕಬಡ್ಡಿ ರೈಡರ್ ಗೆರೆಯತ್ತ ನೆಗೆಯುವಾಗ ಸ್ನಾಯುವಿನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗೇ ಸಾಲದಾಗುತ್ತದೆ. ಆಗ ಫಾಸ್ಫೇಟ್ ಹೊತ್ತು ನಿಂತಿರುವ ಕ್ರಿಯೇಟಿನ್ ಅದನ್ನು ಬಿಟ್ಟುಕೊಟ್ಟು, ಖರ್ಚಾದ ಎಟಿಪಿಯನ್ನು ಮತ್ತೆ ಕಟ್ಟುತ್ತದೆ. ಈ ಏರ್ಪಾಡು ಸುಮಾರು ಹತ್ತು ಸೆಕೆಂಡಿನ ಜೋರಿನ ಕೆಲಸಕ್ಕೆ ಒದಗುತ್ತದೆ. ಪುಡಿ ತೆಗೆದುಕೊಂಡಾಗ ಆಗುವುದು ಈ ದಾಸ್ತಾನು ಹೆಚ್ಚುವುದು, ಅಷ್ಟೇ. ಎಂಟು ಸಲ ಎತ್ತುತ್ತಿದ್ದವನಿಗೆ ಒಂಬತ್ತನೆಯದೂ ಸಾಧ್ಯವಾಗಬಹುದು. ತಿಂಗಳುಗಟ್ಟಲೆ ಹೀಗೆ ಹೆಚ್ಚು ಕೆಲಸ ಮಾಡಿದ ಸ್ನಾಯು ಬೆಳೆಯುತ್ತದೆ. ವ್ಯಾಯಾಮ ಮಾಡದೆ ಪುಡಿ ಮಾತ್ರ ಕುಡಿದವನ ಸ್ನಾಯುವಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವೇನೂ ಇಲ್ಲ.

ಅನಬಾಲಿಕ್ ಸ್ಟೆರಾಯ್ಡ್ ಮಾಡುವ ಕೆಲಸ

ಸ್ಟೆರಾಯ್ಡ್ ಎಂಬುದು ಒಂದೇ ಔಷಧದ ಹೆಸರಲ್ಲ. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಇಂಗಾಲದ ಬಳೆಗಳ ಚೌಕಟ್ಟಿರುವ ಅಣುಗಳ ಇಡೀ ಕುಟುಂಬಕ್ಕೆ ಆ ಹೆಸರು. ಕೊಲೆಸ್ಟರಾಲ್ ಆ ಕುಟುಂಬಕ್ಕೆ ಸೇರಿದ್ದು. ಉಬ್ಬಸಕ್ಕೆ, ಅಲರ್ಜಿಗೆ ಡಾಕ್ಟರು ಬರೆದುಕೊಡುವ ಪ್ರೆಡ್ನಿಸೊಲೋನ್ ಕೂಡ ಅದಕ್ಕೇ ಸೇರಿದ್ದು. ಬಹಳಷ್ಟು ಮನೆಗಳಿಗೆ ಸ್ಟೆರಾಯ್ಡ್ ಎಂದರೆ ಮುಖ ಊದಿಸುವ ಆ ಮಾತ್ರೆಯೇ. ಸ್ನಾಯು ಬೆಳೆಸಲು ಬಳಸುವುದು ಅದೇ ಕುಟುಂಬದ ಇನ್ನೊಂದು ಕವಲು: ಟೆಸ್ಟೋಸ್ಟಿರಾನ್ ಮತ್ತು ಅದನ್ನು ತಿದ್ದಿ ಮಾಡಿದ ನ್ಯಾಂಡ್ರೊಲೋನ್, ಸ್ಟ್ಯಾನೊಜೊಲಾಲ್, ಮೆಥಾಂಡಿಯೆನೋನ್ ಮುಂತಾದವು. ಇವೇ ಅನಬಾಲಿಕ್ ಸ್ಟೆರಾಯ್ಡ್‌ಗಳು. ಕ್ರಿಯೇಟಿನ್‌ನಲ್ಲಿ ಬಳೆಯ ಸುಳಿವೇ ಇಲ್ಲ. ಅದು ಸಾರಜನಕ ಸೇರಿದ ಪುಟ್ಟ ಅಣು. ಟೆಸ್ಟೋಸ್ಟಿರಾನ್‌ನ ಅರ್ಧದಷ್ಟೂ ತೂಗುವುದಿಲ್ಲ.

ರಚನೆಗಿಂತ ದೊಡ್ಡ ವ್ಯತ್ಯಾಸ ಕೆಲಸದಲ್ಲಿದೆ. ಅನಬಾಲಿಕ್ ಸ್ಟೆರಾಯ್ಡ್ ಹಾರ್ಮೋನ್. ಅದು ಜೀವಕೋಶದ ಒಳಹೊಕ್ಕು ಆಂಡ್ರೊಜೆನ್ ಗ್ರಾಹಕವನ್ನು ಹಿಡಿದು ಕೋಶಕೇಂದ್ರ ತಲುಪಿ, ಯಾವ ಜೀನ್ ಎಷ್ಟು ಪ್ರೋಟೀನ್ ಮಾಡಬೇಕು ಎಂಬುದನ್ನೇ ಬದಲಿಸುತ್ತದೆ. ಆ ಗ್ರಾಹಕ ಸ್ನಾಯುವಿನಲ್ಲಷ್ಟೇ ಇರುವುದಿಲ್ಲ. ಚರ್ಮದಲ್ಲಿದೆ, ಕೂದಲ ಬುಡದಲ್ಲಿದೆ, ಧ್ವನಿಪೆಟ್ಟಿಗೆಯಲ್ಲಿದೆ, ಮೆದುಳಿನಲ್ಲಿದೆ. ಬೆನ್ನಿನ ತುಂಬ ಮೊಡವೆ, ಹೆಂಗಸರಲ್ಲಿ ಗಡಸಾಗುವ ದನಿ ಬರುವುದು ಇದರಿಂದ. ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ; ಬಾಯಿಂದ ತೆಗೆದುಕೊಳ್ಳುವ ಹಲವು ಸ್ಟೆರಾಯ್ಡ್‌ಗಳು ಪಿತ್ತಜನಕಾಂಗಕ್ಕೂ ಪೆಟ್ಟು ಕೊಡುತ್ತವೆ.

ಎರಡನ್ನೂ ಬೇರೆ ಮಾಡಿ ನೋಡಲು ಅತ್ಯಂತ ಸ್ಪಷ್ಟವಾದ ಒರೆಗಲ್ಲು, ಬಿಟ್ಟಾಗ ಏನಾಗುತ್ತದೆ ಎಂಬುದು. ಹೊರಗಿನಿಂದ ಟೆಸ್ಟೋಸ್ಟಿರಾನ್ ಬಂದರೆ ಮೆದುಳು ವೃಷಣಗಳಿಗೆ ಕಳಿಸುವ ಹಾರ್ಮೋನ್ ಸಂಕೇತಗಳನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೂ ದೇಹದ ಸ್ವಂತ ಉತ್ಪಾದನೆ ಮರಳಲು ತಿಂಗಳುಗಳೇ ಬೇಕಾಗಬಹುದು. ಕೆಲವರಲ್ಲಿ ಪೂರ್ತಿ ಮರಳುವುದೂ ಇಲ್ಲ. ಆ ಅವಧಿಯ ನಿರುತ್ಸಾಹ, ಖಿನ್ನತೆ, ಲೈಂಗಿಕ ಆಸಕ್ತಿ ಕಳೆದುಕೊಳ್ಳುವುದು ಜಿಮ್ ಜಾಹೀರಾತುಗಳಲ್ಲಿ ಕಾಣಿಸುವುದಿಲ್ಲ. ಕ್ರಿಯೇಟಿನ್ ಹೊರಗಿನಿಂದ ಬಂದಾಗಲೂ ದೇಹ ತನ್ನ ತಯಾರಿಕೆಯನ್ನು ತಗ್ಗಿಸಿಕೊಳ್ಳುತ್ತದೆ, ಇದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೆ ಅದು ಹಾರ್ಮೋನ್ ಅಲ್ಲದ್ದರಿಂದ ತಗ್ಗುವುದು ಅದರದೇ ತಯಾರಿಕೆ ಮಾತ್ರ. ಪುಡಿ ಬಿಟ್ಟರೆ ತಯಾರಿಕೆ ಮತ್ತೆ ಶುರುವಾಗುತ್ತದೆ. ನಾಲ್ಕರಿಂದ ಆರು ವಾರಗಳಲ್ಲಿ ಸ್ನಾಯುವಿನ ದಾಸ್ತಾನು ಹಳೆಯ ಮಟ್ಟಕ್ಕೆ ಬರುತ್ತದೆ. ಸೈಕಲ್ ಎಂದು ಕರೆಯುವ ಬಿಟ್ಟುಹಿಡಿಯುವ ಪದ್ಧತಿ ಸ್ಟೆರಾಯ್ಡ್ ಬಳಸುವವರದ್ದು. ಕ್ರಿಯೇಟಿನ್‌ಗೆ ಅದರ ಅಗತ್ಯವಿಲ್ಲ; ಯಾರಾದರೂ ‘ಕ್ರಿಯೇಟಿನ್ ಸೈಕಲ್ ಮುಗಿದ ಮೇಲೆ ತೆಗೆದುಕೊಳ್ಳಬೇಕಾದ ಮಾತ್ರೆ’ ಮಾರಲು ಬಂದರೆ, ಮೊದಲು ಕೊಟ್ಟದ್ದು ಕ್ರಿಯೇಟಿನ್ ಹೌದೇ ಎಂದು ಕೇಳಬೇಕಾಗುತ್ತದೆ.

ಎರಡೂ ಹೆಸರು ಒಂದಾದದ್ದು

ಗೊಂದಲಕ್ಕೆ ಒಂದು ಗುರುತಿಸಬಹುದಾದ ಮೂಲವಿದೆ. 1998ರ ಬೇಸಿಗೆಯಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಮಾರ್ಕ್ ಮೆಕ್‌ಗ್ವಯರ್ ಒಂದೇ ಋತುವಿನ ಹೋಮ್ ರನ್ ದಾಖಲೆಯನ್ನು ಬೆನ್ನಟ್ಟಿದ್ದ. ಆತನ ಲಾಕರ್‌ನಲ್ಲಿ ಆಂಡ್ರೊಸ್ಟೀನ್‌ಡಯೋನ್ ಬಾಟಲಿ ಇದ್ದದ್ದನ್ನು ಪತ್ರಕರ್ತನೊಬ್ಬ ಗಮನಿಸಿ ಸುದ್ದಿಮಾಡಿದ. ದೇಹದೊಳಗೆ ಟೆಸ್ಟೋಸ್ಟಿರಾನ್ ಆಗಿ ಬದಲಾಗಬಲ್ಲ ವಸ್ತು ಅದು. ಆತ ಕ್ರಿಯೇಟಿನ್ ಕೂಡ ಬಳಸುತ್ತಿದ್ದ. ಆಗ ಎರಡೂ ಅಮೆರಿಕದ ಅಂಗಡಿಗಳಲ್ಲಿ ಅಕ್ಕಪಕ್ಕದ ಶೆಲ್ಫಿನಲ್ಲಿ, ಡಾಕ್ಟರ್ ಚೀಟಿ ಇಲ್ಲದೆ ಸಿಗುತ್ತಿದ್ದವು. ಸುದ್ದಿಯಲ್ಲೂ ಒಂದೇ ವಾಕ್ಯದಲ್ಲಿ ಬಂದವು. ಓದುಗರ ಮನಸ್ಸಿನಲ್ಲಿ ಅವು ಜೋಡಿಯಾಗಿಯೇ ಉಳಿದವು. ಮುಂದೆ ಆಂಡ್ರೊಸ್ಟೀನ್‌ಡಯೋನ್ ಅನ್ನು ಅಮೆರಿಕದ 2004ರ ಕಾಯ್ದೆ ಅನಬಾಲಿಕ್ ಸ್ಟೆರಾಯ್ಡ್‌ಗಳ ಸಾಲಿಗೆ ಸೇರಿಸಿತು. ಕ್ರಿಯೇಟಿನ್ ಅಂಗಡಿಯಲ್ಲೇ ಉಳಿಯಿತು. 2010ರಲ್ಲಿ ಮೆಕ್‌ಗ್ವಯರ್ ತಾನು ಸ್ಟೆರಾಯ್ಡ್ ಬಳಸಿದ್ದಾಗಿ ಒಪ್ಪಿಕೊಂಡ. ಕ್ರಿಯೇಟಿನ್‌ಗೆ ಅಂಟಿದ ಕಳಂಕ ಮಾತ್ರ ಹೋಗಲಿಲ್ಲ, ಸಹವಾಸದೋಷ ಎನ್ನಬೇಕು.

ನಿಷೇಧದ ಮಾತಿಗೆ ಇನ್ನೊಂದು ಕಾರಣ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ನಿಯಮ. ಕಾಲೇಜುಗಳು ತಮ್ಮ ಖರ್ಚಿನಲ್ಲಿ ಆಟಗಾರರಿಗೆ ಕ್ರಿಯೇಟಿನ್ ಹಂಚಬಾರದು ಎಂದು ಅದು ನಿರ್ಬಂಧಿಸಿತ್ತು. ಆಟಗಾರ ತಾನೇ ಕೊಂಡು ಬಳಸುವುದಕ್ಕೆ ಅಡ್ಡಿಯಿರಲಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ‘ಹಂಚುವಂತಿಲ್ಲ’ ಎಂಬುದು ‘ನಿಷೇಧ’ವಾಯಿತು.

ಭಾರತದಲ್ಲಿ ಸ್ಪರ್ಧಿಸುವ ಆಟಗಾರರ ಮೂತ್ರದ ಮಾದರಿಗಳನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, ಸಂಗ್ರಹಿಸುತ್ತದೆ. ಪ್ರಯೋಗಾಲಯ ಹುಡುಕುವುದು ಸ್ಟೆರಾಯ್ಡ್‌ಗಳು ಒಡೆದು ಉಳಿಸಿದ ಕುರುಹುಗಳನ್ನು. ದೇಹದ್ದೇ ಟೆಸ್ಟೋಸ್ಟಿರಾನ್ ಯಾವುದು, ಹೊರಗಿನದ್ದು ಯಾವುದು ಎಂದು ತಿಳಿಯಲು ಎಪಿಟೆಸ್ಟೋಸ್ಟಿರಾನ್ ಎಂಬ ಜೊತೆಗಾರ ವಸ್ತುವಿನೊಂದಿಗೆ ಅದರ ಪ್ರಮಾಣ ಹೋಲಿಸುತ್ತಾರೆ. ಅನುಪಾತ ಅಸಹಜವಾಗಿದ್ದರೆ ಇನ್ನೂ ಸೂಕ್ಷ್ಮ ಪರೀಕ್ಷೆ ನಡೆಯುತ್ತದೆ. ಕ್ರಿಯೇಟಿನ್ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಎಷ್ಟು ತೆಗೆದುಕೊಂಡರೂ ಆ ಅನುಪಾತವನ್ನು ಅದು ಕದಲಿಸುವುದಿಲ್ಲ.

ಅಪಾಯ ಇರುವುದು ಡಬ್ಬದ ಉಳಿದ ಸರಕಿನಲ್ಲಿ

ಹಾಗಿದ್ದರೂ ಕ್ರಿಯೇಟಿನ್ ಎಂದು ಬರೆದ ಡಬ್ಬ ತೆಗೆದುಕೊಂಡವನು ಸಿಕ್ಕಿಬೀಳಬಹುದು. ಜರ್ಮನಿಯ ಕೊಲೋನ್‌ನ ಪ್ರಯೋಗಾಲಯವೊಂದು 13 ದೇಶಗಳಿಂದ ಕೊಂಡ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, 94 ಡಬ್ಬಗಳಲ್ಲಿ ಲೇಬಲ್‌ನಲ್ಲಿ ಹೇಳದ ಸ್ಟೆರಾಯ್ಡ್ ಪೂರ್ವವಸ್ತುಗಳು ಸಿಕ್ಕಿದ್ದವು. ಹೆಚ್ಚುಕಡಿಮೆ ಏಳರಲ್ಲಿ ಒಂದು. ಒಂದೇ ಯಂತ್ರದಲ್ಲಿ ಬೇರೆ ಬೇರೆ ಪುಡಿ ತುಂಬುವಾಗ ಬೆರೆತದ್ದೂ ಇರಬಹುದು, ‘ಪರಿಣಾಮ ಕಾಣಲಿ’ ಎಂದು ಬೇಕೆಂದೇ ಬೆರೆಸಿದ್ದೂ ಇರಬಹುದು. ಉದ್ದೀಪನ ಮದ್ದಿನ ನಿಯಮದ ಪ್ರಕಾರ ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ‘ಡಬ್ಬದ ಮೇಲೆ ಬರೆದಿರಲಿಲ್ಲ’ ಎಂಬುದು ಶಿಕ್ಷೆಯನ್ನು ಕಡಿಮೆ ಮಾಡಬಹುದೇ ಹೊರತು ಉಲ್ಲಂಘನೆಯನ್ನು ಅಳಿಸುವುದಿಲ್ಲ. ಡಬ್ಬ ಕೊಳ್ಳುವಾಗ ಹೀಗೆ ನೋಡಬೇಕು:

1. ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಬದಿಯ ಘಟಕಾಂಶಗಳ ಪಟ್ಟಿ ಓದಬೇಕು. ಅಲ್ಲಿ ಕ್ರಿಯೇಟಿನ್ ಮೊನೊಹೈಡ್ರೇಟ್ ಎಂಬ ಒಂದೇ ಹೆಸರಿದ್ದರೆ ಉತ್ತಮ. ರುಚಿಯ ಪುಡಿಯಲ್ಲಿ ಸಿಹಿಕಾರಕ, ಪರಿಮಳ ಸೇರಿರುತ್ತವೆ, ಅದೇನೂ ದೋಷವಲ್ಲ. ಆದರೆ ‘ಸ್ವಾಮ್ಯದ ಮಿಶ್ರಣ’ ಎಂದು ಬರೆದು ಯಾವುದು ಎಷ್ಟಿದೆ ಎಂದು ಹೇಳದ ಡಬ್ಬವನ್ನು ಅಲ್ಲೇ ಬಿಡಬೇಕು.

2. ‘ಡಯೋನ್’, ‘ಡ್ರಾಲ್’, ‘ಬೋಲ್’ ಎಂದು ಕೊನೆಗೊಳ್ಳುವ ಹೆಸರುಗಳು, ‘ಪ್ರೊಹಾರ್ಮೋನ್’ ಎಂಬ ಪದ, ಆಸ್ಟಾರಿನ್ ಅಥವಾ ಲಿಗ್ಯಾಂಡ್ರಾಲ್ ಎಂಬ ಹೆಸರು ಕಂಡರೆ ಅದು ಕ್ರಿಯೇಟಿನ್ ಗುಂಪಿನದ್ದಲ್ಲ. ಕೊನೆಯ ಎರಡು ಸಾರ್ಮ್ ಎಂಬ ವರ್ಗದವು: ರಚನೆಯಲ್ಲಿ ಸ್ಟೆರಾಯ್ಡ್ ಅಲ್ಲದಿದ್ದರೂ ಅದೇ ಆಂಡ್ರೊಜೆನ್ ಗ್ರಾಹಕವನ್ನು ಕೆಣಕುವಂಥವು, ವಾಡಾ ನಿಷೇಧಿಸಿರುವಂಥವು.

3. ಎಫ್‌ಎಸ್‌ಎಸ್‌ಎಐ ಚಿಹ್ನೆಯ ಕೆಳಗೆ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಇದು ತಯಾರಕನಿಗೆ ಪರವಾನಗಿ ಇದೆ ಎಂಬುದನ್ನಷ್ಟೇ ಹೇಳುತ್ತದೆ, ಈ ಡಬ್ಬವನ್ನು ಸ್ಟೆರಾಯ್ಡ್‌ಗಾಗಿ ಪರೀಕ್ಷಿಸಲಾಗಿದೆ ಎಂದಲ್ಲ.

4. ಸ್ಪರ್ಧೆಯ ಆಟಗಾರರು ಇನ್ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇರುವ ಡಬ್ಬವನ್ನೇ ಆರಿಸಿ, ಬ್ಯಾಚ್ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಬೇಕು. ಡಬ್ಬದ ಫೋಟೊ, ಬಿಲ್ ಎರಡನ್ನೂ ಇಟ್ಟುಕೊಂಡಿದ್ದರೆ ಮುಂದೆ ವಿಚಾರಣೆ ಬಂದರೆ ಬಳಕೆಗೆ ಬರುತ್ತವೆ. ‘ವಾಡಾ ಅನುಮೋದಿತ’ ಎಂದು ಅಚ್ಚಾಗಿದ್ದರೆ ಅದೇ ಎಚ್ಚರಿಕೆಯ ಗಂಟೆ. ವಾಡಾ ಯಾವ ಪೂರಕಕ್ಕೂ ಅನುಮೋದನೆ ಕೊಡುವುದಿಲ್ಲ.

5. ಬಿಡಿಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ ಪುಡಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ತೆಗೆದುಕೊಳ್ಳಬಾರದು. ಜಿಮ್‌ನಲ್ಲಿ ಇಂಜೆಕ್ಷನ್ ರೂಪದಲ್ಲಿ ಕೊಡುವ ‘ಕ್ರಿಯೇಟಿನ್’ ಎಂದರೆ ಅದು ಕ್ರಿಯೇಟಿನ್ ಅಲ್ಲವೆಂದೇ ತಿಳಿಯಬೇಕು.

ಬಳಸಲು ಶುರುಮಾಡಿದ ಮೇಲೆ ದೇಹವೂ ಸುಳಿವು ಕೊಡುತ್ತದೆ. ಮೊದಲ ವಾರ ಒಂದೆರಡು ಕಿಲೋ ಏರುವುದು ಕ್ರಿಯೇಟಿನ್‌ಗೆ ಸಹಜ. ಅದು ಸ್ನಾಯುಕೋಶಗಳು ಕ್ರಿಯೇಟಿನ್ ಜೊತೆ ಎಳೆದುಕೊಂಡ ನೀರು. ಆಮೇಲೆ ಏರಿಕೆ ನಿಧಾನವಾಗುತ್ತದೆ. ಬದಲಿಗೆ ಮೊಲೆತೊಟ್ಟಿನ ಹಿಂದೆ ನೋಯುವ ಗಂಟು, ಬೆನ್ನು ಹೆಗಲ ಮೇಲೆ ಇದ್ದಕ್ಕಿದ್ದಂತೆ ಮೊಡವೆ, ವೃಷಣ ಚಿಕ್ಕದಾಗುವುದು, ಹುಡುಗಿಯರಲ್ಲಿ ಮುಟ್ಟು ತಪ್ಪುವುದು ಅಥವಾ ದನಿ ಒಡೆಯುವುದು ಕಂಡರೆ ಆ ಡಬ್ಬದಲ್ಲಿ ಹಾರ್ಮೋನ್ ಇದೆ ಎಂದೇ ಅನುಮಾನಿಸಿ, ಬಳಕೆ ನಿಲ್ಲಿಸಿ, ಡಬ್ಬದ ಸಮೇತ ಡಾಕ್ಟರ ಬಳಿ ಹೋಗಬೇಕು. ಇವುಗಳಲ್ಲಿ ಒಂದನ್ನೂ ಕ್ರಿಯೇಟಿನ್ ಮಾಡಲಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು ರಕ್ತಪರೀಕ್ಷೆಯ ವರದಿಯನ್ನು ತಪ್ಪಾಗಿ ಓದುವುದು. 24 ವರ್ಷದ ಯುವಕನೊಬ್ಬನ ರಕ್ತದಲ್ಲಿ ಕ್ರಿಯೇಟಿನಿನ್ 1.0 ಇತ್ತು ಎಂದುಕೊಳ್ಳೋಣ. ಮೂತ್ರಪಿಂಡದ ಸೋಸುವಿಕೆಯನ್ನು ಅಂದಾಜಿಸುವ ಈಗಿನ ಸೂತ್ರದ ಪ್ರಕಾರ ಆತನ ಸೋಸುವಿಕೆ ಸುಮಾರು 108, ಚೆನ್ನಾಗಿಯೇ ಇದೆ. ಆತ ದಿನಕ್ಕೆ 5 ಗ್ರಾಂ ಪುಡಿ ತೆಗೆದುಕೊಳ್ಳುತ್ತಾ, ಹಿಂದಿನ ಸಂಜೆ ಜೋರಾಗಿ ವ್ಯಾಯಾಮ ಮಾಡಿ, ಬೆಳಿಗ್ಗೆ ನೀರೂ ಕುಡಿಯದೆ ರಕ್ತ ಕೊಟ್ಟಾಗ 1.3 ಬಂತು. ಸೂತ್ರಕ್ಕೆ ಹಾಕಿದರೆ ಸುಮಾರು 79. ‘ಸ್ಟೆರಾಯ್ಡ್ ಪುಡಿಯಿಂದ ಕಿಡ್ನಿ ಹೋಯಿತು’ ಎಂಬ ಸುದ್ದಿ ಮನೆಯಿಂದ ಓಣಿಗೆ ಹಬ್ಬಲು ಇಷ್ಟು ಸಾಕು. ಸೂತ್ರದ ಹಿಂದಿನ ನಂಬಿಕೆ ಒಂದೇ: ರಕ್ತದಲ್ಲಿ ಕ್ರಿಯೇಟಿನಿನ್ ಹೆಚ್ಚಿದರೆ ಮೂತ್ರಪಿಂಡ ಸೋಸುವುದು ಕಡಿಮೆಯಾಗಿದೆ ಎಂದು. ಆದರೆ ಕ್ರಿಯೇಟಿನ್ ಒಡೆದು ಆಗುವುದೇ ಕ್ರಿಯೇಟಿನಿನ್. ಒಳಬರುವುದು ಹೆಚ್ಚಿದಾಗಲೂ, ಸ್ನಾಯು ಹೆಚ್ಚಿದಾಗಲೂ ಸಂಖ್ಯೆ ಏರುತ್ತದೆ, ಸೋಸುವಿಕೆ ಹಾಗೆಯೇ ಇದ್ದರೂ.

ಹಾಗೆಂದು ವರದಿಯನ್ನು ತಳ್ಳಿಹಾಕುವುದೂ ಅಷ್ಟೇ ದೊಡ್ಡ ತಪ್ಪು. ಪುಡಿ ಬಿಟ್ಟು ಕೆಲವು ವಾರ ಕಳೆದ ಮೇಲೆ, ಎರಡು ದಿನ ಭಾರದ ವ್ಯಾಯಾಮವಿಲ್ಲದೆ ಮತ್ತೆ ರಕ್ತ ಕೊಡಬೇಕು. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ, ಸಾಧ್ಯವಿದ್ದರೆ ಸಿಸ್ಟಾಟಿನ್ ಸಿ ಪರೀಕ್ಷೆಯನ್ನೂ ಡಾಕ್ಟರಲ್ಲಿ ಕೇಳಬೇಕು. ಸಿಸ್ಟಾಟಿನ್ ಸಿಗೂ ಕ್ರಿಯೇಟಿನ್‌ಗೂ ಸಂಬಂಧವಿಲ್ಲದ್ದರಿಂದ ಅದು ಮೂತ್ರಪಿಂಡದ ನಿಜಸ್ಥಿತಿ ತೋರಿಸುತ್ತದೆ. ಆಗಲೂ ಫಲಿತಾಂಶ ಸರಿಯಿಲ್ಲದಿದ್ದರೆ ತೊಂದರೆ ಬೇರೆಲ್ಲೋ ಇದೆ. ರಕ್ತ ಕೊಡುವ ಮುಂಚೆಯೇ ಪುಡಿಯ ವಿಷಯ ಹೇಳಿದರೆ ಅರ್ಧ ಗಾಬರಿ ತಪ್ಪುತ್ತದೆ.

ಕೂದಲು ಉದುರುವ ಭಯವೂ ಸ್ಟೆರಾಯ್ಡ್ ಅನುಮಾನದ ಮರಿಯೇ. ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಕೂದಲು ಉದುರುವುದಕ್ಕೆ ನಂಟಿರುವ ಡಿಎಚ್‌ಟಿ ಎಂಬ ಹಾರ್ಮೋನ್ ಏರಿದ್ದು ಕಂಡಿತ್ತು. ಆ ಏರಿಕೆ ಸಹಜ ಮಿತಿಯೊಳಗೇ ಇತ್ತು, ಟೆಸ್ಟೋಸ್ಟಿರಾನ್ ಬದಲಾಗಿರಲಿಲ್ಲ, ಕೂದಲನ್ನು ಯಾರೂ ಅಳೆದಿರಲಿಲ್ಲ. ಅದೊಂದನ್ನೇ ಹಿಡಿದು ಕ್ರಿಯೇಟಿನ್ ಹಾರ್ಮೋನ್ ಏರಿಸುತ್ತದೆ ಎಂದು ತೀರ್ಮಾನಿಸುವುದು ದುಡುಕು.

ಇನ್ನೊಂದು ತಪ್ಪು ಪ್ರಮಾಣದ್ದು. ಸ್ಟೆರಾಯ್ಡ್ ಅಲ್ಲವಲ್ಲ ಎಂದು ಸ್ಕೂಪಿನ ಮೇಲೆ ಸ್ಕೂಪ್ ಸುರಿದುಕೊಳ್ಳುವವರಿದ್ದಾರೆ. ಸ್ನಾಯು ತುಂಬಿದ ಮೇಲೆ ಹೆಚ್ಚುವರಿಯೆಲ್ಲ ಮೂತ್ರದಲ್ಲೇ ಹೋಗುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಮೂರು ನಾಲ್ಕು ವಾರಗಳಲ್ಲಿ ಸ್ನಾಯು ತುಂಬುತ್ತದೆ. ಬೇಗ ತುಂಬಲೆಂದು ಐದಾರು ದಿನ ದಿನಕ್ಕೆ 20 ಗ್ರಾಂ ತೆಗೆದುಕೊಳ್ಳುವ ‘ಲೋಡಿಂಗ್’ ಕೂಡ ಅದೇ ಮಟ್ಟಕ್ಕೆ ತಲುಪಿಸುತ್ತದೆ. ಅದನ್ನು 5 ಗ್ರಾಂನ ನಾಲ್ಕು ಪಾಲು ಮಾಡದೆ ಒಟ್ಟಿಗೆ ಕುಡಿದವರಿಗೆ ಹೊಟ್ಟೆ ಕೆಟ್ಟು ಭೇದಿಯಾಗುವುದುಂಟು. ಡಬ್ಬದೊಳಗಿನ ಸ್ಕೂಪ್ ಎಷ್ಟು ಗ್ರಾಂ ಹಿಡಿಸುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಲೇಬಲ್ ನೋಡಿಯೇ ಅಳೆಯಬೇಕು.

ಯಾರು ಡಾಕ್ಟರನ್ನು ಕೇಳಬೇಕು

ಕ್ರಿಯೇಟಿನ್ ಮೂತ್ರಪಿಂಡ ಕೆಡಿಸುತ್ತದೆ ಎಂಬ ಮಾತಿಗೆ ಆಧಾರವಾಗಿ ಹಲವು ಸಲ ಬಳಕೆಯಾದ 1998ರ ಪ್ರಕರಣದಲ್ಲಿ, ಬ್ರಿಟನ್ನಿನ ಆ ಯುವಕನಿಗೆ ಮೊದಲೇ ಮೂತ್ರಪಿಂಡದ ಕಾಯಿಲೆಯಿತ್ತು ಮತ್ತು ಅದಕ್ಕೆ ಔಷಧ ನಡೆಯುತ್ತಿತ್ತು. ಆರೋಗ್ಯವಂತರಲ್ಲಿ ಸೂಚಿತ ಪ್ರಮಾಣ ಹಾನಿ ಮಾಡಿದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೆ ಆ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು, ಮೂತ್ರಪಿಂಡದ ಮೇಲೆ ಹೊರೆ ಹಾಕುವ ಔಷಧ ತೆಗೆದುಕೊಳ್ಳುವವರು, ವರ್ಷಗಟ್ಟಲೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಶುರುಮಾಡಬಾರದು. 18 ತುಂಬದ ಆಟಗಾರರ ವಿಷಯದಲ್ಲಿ ತಂದೆತಾಯಿ, ಕೋಚ್ ಮತ್ತು ಡಾಕ್ಟರು ಮೂವರಿಗೂ ಗೊತ್ತಿದ್ದೇ ನಿರ್ಧಾರ ಆಗಬೇಕು. ಕುಸ್ತಿ, ಬಾಕ್ಸಿಂಗ್‌ನಂಥ ತೂಕದ ವಿಭಾಗಗಳಿರುವ ಆಟದವರು ಒಂದೆರಡು ಕಿಲೋ ನೀರಿನ ತೂಕವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ತೂಕ ನೋಡುವ ದಿನ ಹತ್ತಿರ ಬಂದಾಗ ಕ್ರಿಯೇಟಿನ್ ಶುರುಮಾಡಿ, ಆಮೇಲೆ ಬೆವರು ಸುರಿಸಿ ಆ ನೀರನ್ನು ಇಳಿಸಲು ಹೊರಡುವುದು ಪುಡಿಗಿಂತ ಹೆಚ್ಚು ಅಪಾಯಕಾರಿ.